ಜಾಗರಣೆಯ ರಾತ್ರಿಗೆ ಇಪ್ಪತ್ತೆಂಟು

ದೊಡ್ಡಮ್ಮ, ಭಾವ, ಅತ್ತಿಗೆಯರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಮೊದಲ ಯಾಮದ ಪೂಜೆ ಮುಗಿದಿದೆ. ಎರಡನೆಯ ಪೂಜೆಗೆ ಇನ್ನೂ ಎರಡು ಗಂಟೆ ಇದೆ. ನಾವು ಹನ್ನೆರಡು ಮಂದಿ ಇದ್ದೇವೆ, ಹಜಾರದಲ್ಲಿ ಮೂರು ಜಮಖಾನೆಗಳನ್ನು ಹಾಸಿದೆ, ಪ್ರತಿ ಜಮಖಾನೆಯ ಮೇಲೂ ಒಂದೊಂದು ಕಟ್ಟು ಇಸ್ಪೀಟು ಎಲೆಯನ್ನೂ ಹನ್ನೆರಡು ಹುಣಸೆ ಬೀಜಗಳನ್ನೂ ಇಟ್ಟಿದೆ. ಕಾಸರಗೋಡಿನಲ್ಲಿ ನೌಕರಿಯಲ್ಲಿದ್ದ ವರ್ಷಗಳಲ್ಲಿ ನಾನು ಕಲಿತ, ಅಲ್ಲಿ ಕನ್ನಡದವರೂ ಮಲಯಾಳದವರೂ ಒಟ್ಟಿಗೆ ಕುಳಿತು ಆಡುತ್ತಿದ್ದ ಇಪ್ಪತ್ತೆಂಟು ಎಂಬ ಆಟವನ್ನು ಇಂದು ನಿಮಗೆ ಕಲಿಸಬೇಕೆಂದಿದ್ದೇನೆ. ನನಗೆ ಮೊದಲ ದಿನ ಇದನ್ನು ಹೇಳಿಕೊಟ್ಟವರು ಎಲೆಯನ್ನು ಕೈಗೆ ಕೊಡುವ ಮೊದಲೇ ಅರ್ಧ ಗಂಟೆ ನಿಯಮ ಹೇಳಿದರು. ಕೂಗು, ಮುಚ್ಚಿಟ್ಟ ತುರುಫು, ಜೋಡಿ ಎಂದೆಲ್ಲ ಕೇಳಿ ತಲೆ ಚಿಟ್ಟುಹಿಡಿದು, ಆ ರಾತ್ರಿ ನಾನು ಒಂದು ಆಟವನ್ನೂ ಆಡದೆ ಎದ್ದುಹೋದೆ. ನಿಮಗೆ ಹಾಗಾಗಬಾರದು ಎಂದು ನಿಯಮಗಳನ್ನು ಮೂರು ಕಂತುಗಳಲ್ಲಿ ಹೇಳುತ್ತೇನೆ. ಒಂದು ಕಂತು ಕೇಳಿದ ಕೂಡಲೇ ಒಂದು ಆಟ ಆಡಬೇಕು, ಆಮೇಲೆಯೇ ಮುಂದಿನ ಕಂತು. ಮೊದಲ ಆಟ ಹತ್ತು ನಿಮಿಷದಲ್ಲಿ ಶುರುವಾಗುತ್ತದೆ.

ನಾಲ್ವರು ಒಂದು ಜಮಖಾನೆಯ ನಾಲ್ಕು ಬದಿಗೆ ಕುಳಿತುಕೊಳ್ಳಿ. ನಿಮ್ಮ ಎದುರಿಗೆ ಕುಳಿತವರು ನಿಮ್ಮ ಜೊತೆಯವರು, ಎಡಬಲದಲ್ಲಿ ಕುಳಿತವರು ಎದುರಾಳಿಗಳು. ದೊಡ್ಡಮ್ಮನಿಗೆ ನೆಲದ ಮೇಲೆ ಕೂರಲು ಕಷ್ಟವಾದರೆ ಆ ಜಮಖಾನೆಯ ಪಕ್ಕದಲ್ಲಿರುವ ತಗ್ಗಿನ ಮಣೆಯನ್ನು ಬಳಸಿಕೊಳ್ಳಲಿ. ಎಲೆ ಇತರರಿಗೆ ಕಾಣದಿದ್ದರೆ ಸಾಕು.

ಈಗ ಕಟ್ಟನ್ನು ತೆರೆದು ಎರಡರಿಂದ ಆರರವರೆಗಿನ ಎಲೆಗಳನ್ನು ಎತ್ತಿ ಬದಿಗಿಡಿ. ಇಪ್ಪತ್ತು ಎಲೆ ಹೊರಗೆ ಹೋಗಿ ಮೂವತ್ತೆರಡು ಉಳಿಯಬೇಕು. ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಂಬ ನಾಲ್ಕು ಗುರುತುಗಳಲ್ಲಿ ತಲಾ ಎಂಟು ಎಲೆಗಳಿರುತ್ತವೆ. ಇವುಗಳ ಹಿರಿತನ ಮಾತ್ರ ನಿಮಗೆ ಹೊಸದು: ಎಲ್ಲಕ್ಕಿಂತ ದೊಡ್ಡದು ಗುಲಾಮ, ಅನಂತರ ಒಂಬತ್ತು, ಅನಂತರ ಎಕ್ಕ, ಹತ್ತು, ರಾಜ, ರಾಣಿ, ಎಂಟು, ಕೊನೆಗೆ ಏಳು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಉಳಿದವುಗಳಿಗೆ ಏನೂ ಇಲ್ಲ. ಒಂದೊಂದು ಗುರುತಿಗೆ ಏಳು ಅಂಕವಾಯಿತು, ನಾಲ್ಕು ಗುರುತಿಗೆ ಇಪ್ಪತ್ತೆಂಟು. ಆಟದ ಹೆಸರು ಬಂದದ್ದು ಇದರಿಂದಲೇ. ‘ಗುಲಾಮ ಮೂರು, ಒಂಬತ್ತು ಎರಡು, ಎಕ್ಕ ಒಂದು, ಹತ್ತು ಒಂದು’ ಎಂದು ಎಲ್ಲರೂ ಒಟ್ಟಾಗಿ ಒಮ್ಮೆ ಹೇಳಿ. ಇದನ್ನು ಬರೆದ ಚೀಟಿ ಪ್ರತಿ ಜಮಖಾನೆಯಲ್ಲಿಯೂ ಇದೆ. ರಾಜನಿಗಿಂತ ಗುಲಾಮ ಹೇಗೆ ದೊಡ್ಡವನಾದ ಎಂದು ಭಾವ ಆಗಲೇ ಕೇಳಿದರು. ಸ್ವಿಟ್ಜರ್ಲೆಂಡಿನವರ ಯಾಸ್, ನೆದರ್ಲೆಂಡ್ಸಿನವರ ಕ್ಲಾವರ್‌ಯಾಸ್ ಎಂಬ ಆಟಗಳಲ್ಲಿಯೂ ತುರುಫಿನ ಗುಲಾಮನೇ ಎಲ್ಲರಿಗಿಂತ ಮೇಲೆ, ಒಂಬತ್ತು ಎರಡನೆಯದು. ದಕ್ಷಿಣ ಆಫ್ರಿಕಾದ ಭಾರತೀಯರು ಆಡುವ ತೂನಿಯಲ್ಲಿಯೂ ಗುಲಾಮನದೇ ಮೊದಲ ಸ್ಥಾನ. ಇವೆಲ್ಲ ಒಂದೇ ಬಳಗದ ಆಟಗಳಂತೆ ಕಾಣುತ್ತವೆ, ಅಷ್ಟು ತಿಳಿದರೆ ಈ ರಾತ್ರಿಗೆ ಸಾಕು.

ಒಬ್ಬರು ಎಲೆಗಳನ್ನು ಚೆನ್ನಾಗಿ ಕಲೆಸಿ, ಎಡಗಡೆಯವರಿಂದ ಕಟ್ಟನ್ನು ಕತ್ತರಿಸಿಕೊಂಡು, ಬಲಗಡೆಯವರಿಂದ ಆರಂಭಿಸಿ ಎಲ್ಲರಿಗೂ ನಾಲ್ಕು ನಾಲ್ಕರಂತೆ ಎರಡು ಸಲ ಹಂಚಿರಿ. ಕೈಗೆ ಬಂದ ಎಂಟು ಎಲೆಗಳನ್ನು ಗುರುತಿನ ಪ್ರಕಾರ ಒಂದೆಡೆ ಸೇರಿಸಿಕೊಳ್ಳಿ. ಹೀಗೆ ಜೋಡಿಸಿಕೊಂಡವರು ತಪ್ಪು ಎಲೆ ಹಾಕುವುದು ಕಡಿಮೆ. ಹಂಚಿದವರ ಬಲಗಡೆಯವರು ತಮಗೆ ಬೇಕಾದ ಯಾವುದಾದರೂ ಒಂದು ಎಲೆಯನ್ನು ನಡುವೆ ಇಡುತ್ತಾರೆ, ಉಳಿದವರು ಬಲಕ್ಕೆ ತಿರುಗಿಕೊಂಡು ಸರದಿಯಂತೆ ತಲಾ ಒಂದು ಎಲೆ ಹಾಕುತ್ತಾರೆ. ಮೊದಲು ಬಂದ ಗುರುತಿನ ಎಲೆ ನಿಮ್ಮಲ್ಲಿದ್ದರೆ ಅದನ್ನೇ ಹಾಕಬೇಕು. ಇಲ್ಲದಿದ್ದರೆ ಯಾವುದನ್ನಾದರೂ ಹಾಕಬಹುದು, ಆದರೆ ಆ ಎಲೆಗೆ ಗೆಲ್ಲುವ ಶಕ್ತಿಯಿಲ್ಲ. ಮೊದಲು ಬಂದ ಗುರುತಿನ ಎಲೆಗಳಲ್ಲಿ ದೊಡ್ಡದನ್ನು ಹಾಕಿದವರು ಆ ನಾಲ್ಕು ಎಲೆಗಳನ್ನೂ ಗೆದ್ದು, ಮುಚ್ಚಿ ತಮ್ಮ ಪಕ್ಷದ ಕಡೆಗೆ ಇಟ್ಟುಕೊಂಡು, ಮುಂದಿನ ಸುತ್ತನ್ನು ತಾವೇ ಆರಂಭಿಸುತ್ತಾರೆ.

ಒಂದು ಸುತ್ತನ್ನು ಇಲ್ಲಿಯೇ ತೋರಿಸುತ್ತೇನೆ, ನೋಡಿ. ನಾನು ಕಳಾವರ್ ಎಕ್ಕ ಇಟ್ಟೆ. ನನ್ನ ಬಲಗಡೆಯ ಅತ್ತಿಗೆ ಕಳಾವರ್ ಏಳು ಹಾಕಿದರು. ಎದುರಿಗಿರುವ ನನ್ನ ಜೊತೆಯವರು ಕಳಾವರ್ ಗುಲಾಮನನ್ನು ಹಾಕಿದರು. ಕೊನೆಯವರ ಬಳಿ ಕಳಾವರ್ ಹತ್ತು ಒಂದೇ ಇತ್ತು, ಅದನ್ನೇ ಹಾಕಬೇಕಾಯಿತು. ಗುಲಾಮನು ಗೆದ್ದ, ಮೂರು, ಒಂದು, ಒಂದು ಸೇರಿ ಐದು ಅಂಕ ನಮ್ಮ ಪಕ್ಷಕ್ಕೆ ಬಂತು. ಎಕ್ಕವನ್ನು ಗುಲಾಮ ಹೊಡೆದದ್ದಕ್ಕೆ ನನಗೇನೂ ನಷ್ಟವಿಲ್ಲ, ಏಕೆಂದರೆ ಹೊಡೆದವರು ನನ್ನ ಜೊತೆಯವರೇ. ಈ ಒಂದು ವಿಷಯ ಮನಸ್ಸಿಗೆ ಹಿಡಿದರೆ ಅರ್ಧ ಆಟ ಬಂದಂತೆ.

ಈ ಮೊದಲ ಆಟದಲ್ಲಿ ತುರುಫಿಲ್ಲ, ಕೂಗಿಲ್ಲ, ಬೀಜದ ಲೆಕ್ಕವೂ ಇಲ್ಲ. ಎಲ್ಲರೂ ತಮ್ಮ ಎಲೆಗಳನ್ನು ಜಮಖಾನೆಯ ಮೇಲೆ ಕಾಣುವಂತೆ ಹರಡಿಟ್ಟು ಆಡಿ. ಯಾರಾದರೂ ತಪ್ಪು ಎಲೆ ಹಾಕಿದರೆ ಪಕ್ಕದವರು ಮೆಲ್ಲನೆ ತೋರಿಸಲಿ, ಎಲೆಯನ್ನು ಹಿಂದೆಗೆದುಕೊಂಡು ಬೇರೆ ಹಾಕಲಿ. ಎಂಟು ಸುತ್ತು ಮುಗಿದ ಮೇಲೆ ಎರಡೂ ಪಕ್ಷದವರು ಅಂಕಗಳನ್ನು ಎಣಿಸಿ ಕೂಡಿಸಿ ನೋಡಿ. ಇಪ್ಪತ್ತೆಂಟು ಬರದಿದ್ದರೆ ಎಣಿಕೆಯಲ್ಲಿ ಎಲ್ಲೋ ತಪ್ಪಿದೆ. ಈಗ ಆಡಿ.

*

ಮೂರು ಜಮಖಾನೆಯವರೂ ಆಡಿದ್ದಾಯಿತು, ಎಲ್ಲ ಕಡೆಯೂ ಇಪ್ಪತ್ತೆಂಟು ಬಂದಿದೆ. ಇನ್ನು ಎರಡನೆಯ ಆಟಕ್ಕೆ ತುರುಫನ್ನು ಮಾತ್ರ ಸೇರಿಸುತ್ತೇನೆ.

ಈ ಸಲ ಹಂಚುವ ಸರದಿ ಬಲಗಡೆಯವರದು. ಹಂಚುವವರು ತಮ್ಮ ಪಾಲಿಗೆ ಬಂದ ಕೊನೆಯ ಎಲೆಯನ್ನು ಎಲ್ಲರಿಗೂ ತೋರಿಸಿ ಕೈಗೆ ತೆಗೆದುಕೊಳ್ಳಲಿ; ಅದರ ಗುರುತೇ ಈ ಆಟದ ತುರುಫು. ಮೊದಲು ಬಂದ ಗುರುತಿನ ಎಲೆ ನಿಮ್ಮಲ್ಲಿದ್ದರೆ ಹಿಂದಿನಂತೆ ಅದನ್ನೇ ಹಾಕಬೇಕು. ಇಲ್ಲದಿದ್ದಾಗ ಮಾತ್ರ ತುರುಫು ಹಾಕಿ ಹೊಡೆಯಬಹುದು. ಹೊಡೆಯಲೇಬೇಕೆಂದಿಲ್ಲ, ಜೊತೆಯವರೇ ಗೆಲ್ಲುವಂತಿದ್ದರೆ ತುರುಫನ್ನು ಉಳಿಸಿಕೊಂಡು, ಅಂಕವಿರುವ ಬೇರೆ ಎಲೆಯನ್ನು ಅವರ ಮಡಿಲಿಗೆ ಹಾಕುವುದು ಮೇಲು. ತುರುಫಿನ ಏಳು ಕೂಡ ಬೇರೆ ಗುರುತಿನ ಗುಲಾಮನನ್ನು ಹೊಡೆಯುತ್ತದೆ. ಒಂದೇ ಸುತ್ತಿನಲ್ಲಿ ಎರಡು ತುರುಫು ಬಿದ್ದರೆ ಅವುಗಳಲ್ಲಿ ದೊಡ್ಡದು ಗೆಲ್ಲುತ್ತದೆ. ಈ ಸಲ ಎಲೆಗಳನ್ನು ಮುಚ್ಚಿಯೇ ಹಿಡಿದುಕೊಳ್ಳಿ. ಸಂಶಯ ಬಂದವರು ನನ್ನನ್ನು ಕರೆಯಿರಿ, ನಿಮ್ಮ ಬೆನ್ನ ಹಿಂದೆ ಬಂದು ನೋಡಿ ಕಿವಿಯಲ್ಲಿ ಹೇಳುತ್ತೇನೆ.

*

ಈಗ ನಿಜವಾದ ಇಪ್ಪತ್ತೆಂಟು. ನನಗೆ ಈ ಆಟದ ಮೇಲೆ ಮೂವತ್ತು ವರ್ಷದಿಂದಲೂ ಪ್ರೀತಿ ಉಳಿದಿರುವುದು ಈಗ ಹೇಳುವ ಭಾಗದಿಂದ. ಆದುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಲ್ಲರಿಗೂ ಮೊದಲು ನಾಲ್ಕೇ ಎಲೆಗಳನ್ನು ಹಂಚಿ ನಿಲ್ಲಿಸಬೇಕು. ಆ ನಾಲ್ಕನ್ನು ನೋಡಿಯೇ, ‘ನಮ್ಮ ಪಕ್ಷ ಇಷ್ಟು ಅಂಕ ಮಾಡುತ್ತದೆ’ ಎಂದು ಕೂಗಬೇಕು. ಹಂಚಿದವರ ಬಲಗಡೆಯವರು ಕಡಿಮೆಯೆಂದರೆ ಹದಿನಾಲ್ಕು ಕೂಗಲೇಬೇಕು, ಅವರು ಪಾಸ್ ಎನ್ನುವಂತಿಲ್ಲ. ಅನಂತರದವರು ಹಿಂದಿನ ಕೂಗಿಗಿಂತ ಹೆಚ್ಚಿಗೆ ಕೂಗಬಹುದು, ಇಲ್ಲವೇ ಪಾಸ್ ಎನ್ನಬಹುದು. ಸತತವಾಗಿ ಮೂವರು ಪಾಸ್ ಎಂದಾಗ ಕೊನೆಯದಾಗಿ ಕೂಗಿದವರಿಗೆ ಆಟ ಸಲ್ಲುತ್ತದೆ. ಅವರು ತಮ್ಮ ನಾಲ್ಕು ಎಲೆಗಳಲ್ಲಿ ಒಂದನ್ನು ತುರುಫೆಂದು ಆರಿಸಿ, ಯಾರಿಗೂ ತೋರಿಸದೆ, ತಮ್ಮ ಮುಂದೆ ಮಗುಚಿ ಇಡುತ್ತಾರೆ. ಆ ಮೇಲೆ ಉಳಿದ ನಾಲ್ಕು ನಾಲ್ಕು ಎಲೆಗಳನ್ನು ಹಂಚಬೇಕು. ಎಷ್ಟು ಕೂಗಬೇಕೆಂದು ತೋಚದವರಿಗೆ ನನ್ನ ಅಳತೆ ಇದು: ಒಂದೇ ಗುರುತಿನ ಗುಲಾಮ, ಒಂಬತ್ತು ಎರಡೂ ಬಂದು, ಅದೇ ಗುರುತಿನ ಮೂರನೆಯ ಎಲೆಯೂ ಇದ್ದರೆ ಹದಿನಾರು, ಹದಿನೇಳರವರೆಗೆ ಧೈರ್ಯವಾಗಿ ಹೋಗಿ. ಬಿಡಿ ಗುಲಾಮನೊಬ್ಬನನ್ನೇ ನಂಬಿ ಮೇಲೆ ಹೋಗಬೇಡಿ.

ತುರುಫು ಯಾವುದೆಂದು ಕೂಗಿದವರಿಗೆ ಮಾತ್ರ ಗೊತ್ತು. ಅವರ ಜೊತೆಯವರಿಗೂ ಗೊತ್ತಿಲ್ಲ. ಅದು ತೆರೆಯುವವರೆಗೆ ಯಾವ ಎಲೆಗೂ ತುರುಫಿನ ಬಲವಿಲ್ಲ. ನಡುವೆ ಬಂದ ಗುರುತು ನಿಮ್ಮಲ್ಲಿ ಇಲ್ಲದಾಗ, ನಿಮ್ಮ ಸರದಿಯಲ್ಲಿ ‘ತುರುಫು ತೆರೆಯಿರಿ’ ಎಂದು ಕೇಳಬಹುದು. ಆಗ ಕೂಗಿದವರು ಮಗುಚಿಟ್ಟ ಎಲೆಯನ್ನು ತೋರಿಸಿ ಕೈಗೆ ತೆಗೆದುಕೊಳ್ಳಬೇಕು. ಕೇಳಿದವರ ಬಳಿ ತುರುಫಿದ್ದರೆ ಆ ಸುತ್ತಿನಲ್ಲಿ ಅದನ್ನು ಹಾಕಲೇಬೇಕು. ತುರುಫು ತೆರೆಯುವ ಮೊದಲು ಕೂಗಿದವರು ಆ ಗುರುತಿನ ಎಲೆಯಿಂದ ಸುತ್ತನ್ನು ಆರಂಭಿಸುವಂತಿಲ್ಲ, ಕೈಯಲ್ಲಿ ಬೇರೇನೂ ಇಲ್ಲದಿದ್ದರೆ ಮಾತ್ರ ಆರಂಭಿಸಬಹುದು.

ಹೀಗೆ ಊಹಿಸಿಕೊಳ್ಳಿ. ಭಾವ ಹದಿನಾರು ಕೂಗಿ ಆಟೀನು ಮಗುಚಿಟ್ಟಿದ್ದಾರೆ. ನಾಲ್ಕನೆಯ ಸುತ್ತಿನಲ್ಲಿ ಭಾವ ಡೈಮನ್ ಗುಲಾಮನನ್ನು ಇಟ್ಟು, ಮೂರು ಅಂಕ ಬಂದೇ ಬಂತೆಂದು ನೆಮ್ಮದಿಯಾಗಿ ಕುಳಿತಿದ್ದಾರೆ. ಅವರ ಬಲಗಡೆಯ ಅತ್ತಿಗೆಯ ಕೈಯಲ್ಲಿ ಡೈಮನ್ ಇಲ್ಲ. ಅತ್ತಿಗೆ ತುರುಫು ಕೇಳುತ್ತಾರೆ, ಭಾವ ಎಲೆಯನ್ನು ಮಗುಚಿ ಆಟೀನು ತೋರಿಸುತ್ತಾರೆ, ಅತ್ತಿಗೆ ಆಟೀನು ಏಳನ್ನು ಗುಲಾಮನ ಮೇಲೆ ಇಡುತ್ತಾರೆ. ಭಾವನ ಜೊತೆಯವರು ಡೈಮನ್ ಹತ್ತನ್ನು, ಅತ್ತಿಗೆಯ ಜೊತೆಯವರು ಡೈಮನ್ ಒಂಬತ್ತನ್ನು ಹಾಕುತ್ತಾರೆ. ಮೂರು, ಒಂದು, ಎರಡು ಸೇರಿ ಆರು ಅಂಕ ಬರೀ ಒಂದು ಏಳಕ್ಕೆ ಸಿಕ್ಕಿತು. ಆದರೆ ಅತ್ತಿಗೆ ಕೇಳಿದ್ದರಿಂದ ತುರುಫು ಬಯಲಾಯಿತು. ಇನ್ನು ಮೇಲೆ ಭಾವನೂ ತಮ್ಮ ಆಟೀನುಗಳನ್ನು ಹೊರಗೆ ತೆಗೆಯಬಹುದು. ಯಾವಾಗ ಕೇಳಬೇಕು, ಯಾವಾಗ ಸುಮ್ಮನೆ ಒಂದು ಎಲೆ ಬಿಸಾಡಿ ಕಾಯಬೇಕು ಎಂಬುದು ಆಡುತ್ತಾ ಬರುತ್ತದೆ.

ಕೂಗಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂಕ ಮಾಡಿದರೆ ಕೂಗಿದ ಪಕ್ಷಕ್ಕೆ ಎದುರಾಳಿಗಳಿಂದ ಒಂದು ಬೀಜ. ಮಾಡಲಾಗದಿದ್ದರೆ ಎರಡು ಬೀಜ ಕೊಡಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೂಗಿದ್ದರೆ ಗೆದ್ದಾಗ ಎರಡು, ಸೋತಾಗ ಮೂರು. ಪ್ರತಿ ಪಕ್ಷಕ್ಕೆ ಆರು ಬೀಜ. ಬೀಜ ಖಾಲಿಯಾದ ಪಕ್ಷದವರು ಎದ್ದು ಪಕ್ಕದ ಜಮಖಾನೆಯವರೊಂದಿಗೆ ಜೋಡಿ ಬದಲಿಸಿಕೊಳ್ಳಲಿ. ಮನೆಯಲ್ಲಿ ಮಕ್ಕಳು ಕುಳಿತಿದ್ದಾರೆ, ಬೀಜದ ಬದಲು ಕಾಸು ಇಡುವುದು ಬೇಡ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಜೊತೆಯವರಿಗೆ ಕಣ್ಣಿನಲ್ಲಾಗಲಿ ಕೆಮ್ಮಿನಲ್ಲಾಗಲಿ ಸನ್ನೆ ಮಾಡುವುದೂ ಬೇಡ. ಈ ಆಟದ ಸೊಗಸೆಲ್ಲ ಎದುರಿಗಿರುವವರು ಹಾಕಿದ ಎಲೆಯಿಂದಲೇ ಅವರ ಮನಸ್ಸನ್ನು ತಿಳಿಯುವುದರಲ್ಲಿದೆ.

ತುರುಫಿನ ರಾಜ ರಾಣಿ ಒಬ್ಬರ ಕೈಯಲ್ಲೇ ಸೇರಿದಾಗ ಕೂಗಿನ ಲೆಕ್ಕ ಬದಲಾಗುವ ಜೋಡಿಯ ನಿಯಮ ಒಂದು ಉಳಿದಿದೆ. ಅದನ್ನು ಮೂರನೆಯ ಯಾಮದ ಪೂಜೆಯಾದ ಮೇಲೆ, ಎಲ್ಲರೂ ನಾಲ್ಕಾರು ಆಟ ಆಡಿದ ಬಳಿಕ ಹೇಳುತ್ತೇನೆ. ಎಲೆ ಕಲೆಸಿ, ನಾಲ್ಕು ನಾಲ್ಕು ಹಂಚಿ. ದೊಡ್ಡಮ್ಮ, ನಿಮ್ಮ ಎಡಗಡೆಯವರು ಹಂಚಿದ್ದಾರೆ, ಮೊದಲ ಕೂಗು ನಿಮ್ಮದೇ.