ಹಪ್ಪಳ, ಉಪ್ಪಿನಕಾಯಿ ಪುಟದ ಕಮೆಂಟುಗಳಿಗೆ ತಾನಾಗಿ ಹೋಗುವ ಉತ್ತರಗಳು

ಇನ್‌ಸ್ಟಾಗ್ರಾಂ ಕಮೆಂಟಿನಲ್ಲಿ ‘ಹಪ್ಪಳ’, ‘ಹಲಸು’, ‘ಹಲಸಿನ’, ‘happala’ ಅಥವಾ ‘halasina’ ಎಂಬ ಪದ ಬಂದರೆ, ಅದರ ಕೆಳಗೆ ಈ ಮೂರರಲ್ಲಿ ಒಂದು ಸರದಿಯಂತೆ ಹೋಗಲಿ.

“ಹಪ್ಪಳದ ವಿವರವನ್ನು ಮೆಸೇಜಿಗೆ ಕಳುಹಿಸಿದ್ದೇವೆ, ನೋಡಿ.”

“ಕೇಳಿದ್ದು ಸಂತೋಷ. ಬೆಲೆಯೂ ಲೆಕ್ಕವೂ ನಿಮ್ಮ ಇನ್‌ಬಾಕ್ಸಿನಲ್ಲಿವೆ.”

“ಈ ವರ್ಷದ ಹಪ್ಪಳ ಇನ್ನೂ ಇದೆ. ಮೆಸೇಜ್ ತೆರೆದು ನೋಡಿ.” (ದಾಸ್ತಾನು ಮುಗಿದ ದಿನವೇ ಇದನ್ನು ತೆಗೆಯಬೇಕು.)

ಜೊತೆಗೆ ಹೋಗುವ ಮೆಸೇಜ್:

“ನಮಸ್ಕಾರ. ಸಾಗರದಿಂದ ಬರೆಯುತ್ತಿದ್ದೇವೆ. ಹಲಸಿನಕಾಯಿ ಹಪ್ಪಳ 25ರ ಕಟ್ಟಿಗೆ 160 ರೂಪಾಯಿ. ಖಾರದ್ದೂ ಸಪ್ಪೆಯದೂ ಇವೆ. ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿಟ್ಟದ್ದಾದ್ದರಿಂದ ಮುಗಿದರೆ ಮಳೆಗಾಲದಲ್ಲಿ ಹೊಸದಾಗಿ ಮಾಡಲಾಗುವುದಿಲ್ಲ. ಯಾವುದು ಬೇಕು, ಎಷ್ಟು ಕಟ್ಟು, ಯಾವ ಊರಿಗೆ? ತಿಳಿಸಿದರೆ ಅಂಚೆ ಖರ್ಚು ಸೇರಿಸಿ ಒಟ್ಟು ಮೊತ್ತ ಹೇಳುತ್ತೇವೆ. ಇದು ತಾನಾಗಿ ಬಂದ ಉತ್ತರ. ನೀವು ಬರೆಯುವುದನ್ನು ಸಂಜೆ ಆರರ ನಂತರ ಮನೆಯವರೇ ಓದುತ್ತಾರೆ.”

ಒಂದು ಕಮೆಂಟಿಗೆ ಒಂದೇ ಖಾಸಗಿ ಉತ್ತರವನ್ನು, ಅದನ್ನೂ 7 ದಿನಗಳೊಳಗೆ, ಕಳುಹಿಸಲು ಅವಕಾಶವಿದೆ. ಅವರು ತಿರುಗಿ ಬರೆದರೆ ಮಾತ್ರ ಮುಂದಿನ 24 ಗಂಟೆ ಮಾತುಕತೆ ಸಾಧ್ಯ. ಹಾಗಾಗಿ ಮೆಸೇಜಿನಲ್ಲಿ ಬೆಲೆಯನ್ನಷ್ಟೇ ಹೇಳದೆ, ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆಯನ್ನೂ ಇಟ್ಟಿದೆ. ‘ಆತ್ಮೀಯ ಗ್ರಾಹಕರೇ’ ಎಂಬುದನ್ನು ಯಾರೂ ಸೇರಿಸಬಾರದು. ಅದು ಬ್ಯಾಂಕಿನಿಂದ ಬಂದಂತೆ ಕಾಣುತ್ತದೆ.

‘ಅಪ್ಪೆಮಿಡಿ’, ‘ಮಿಡಿ’, ‘ಉಪ್ಪಿನಕಾಯಿ’, ‘appemidi’ ಅಥವಾ ‘uppinakayi’ ಎಂದಿದ್ದರೆ:

“ನಮಸ್ಕಾರ. ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಕೆ.ಜಿ.ಗೆ 290 ರೂಪಾಯಿ. ಎಣ್ಣೆ ಹಾಕುವುದಿಲ್ಲ; ಉಪ್ಪು, ಸಾಸಿವೆ, ಮೆಣಸಿನಕಾಯಿಯ ಖಾರ ಮಾತ್ರ. ದಾರಿಯಲ್ಲಿ ರಸ ಸೋರದಂತೆ ಪ್ಲಾಸ್ಟಿಕ್ ಡಬ್ಬಿಗೆ ಎರಡು ಸುತ್ತು ಹೊದಿಕೆ ಹಾಕಿ ಕಳುಹಿಸುತ್ತೇವೆ. ಎಷ್ಟು ಡಬ್ಬಿ ಬೇಕು, ನಿಮ್ಮ ಪಿನ್‌ಕೋಡ್ ಯಾವುದು?”

ವಸ್ತುವಿನ ಹೆಸರಿಲ್ಲದೆ ‘ಬೆಲೆ’, ‘ರೇಟ್’, ‘rate’, ‘price’ ಎಂದಷ್ಟೇ ಕೇಳಿದವರಿಗೆ: “ನಮಸ್ಕಾರ. ಹಪ್ಪಳದ ಬೆಲೆ ಕೇಳಿದಿರೋ, ಉಪ್ಪಿನಕಾಯಿಯದೋ? ಒಂದು ಪದ ಬರೆದರೆ ಸಾಕು.”

‘ಎಷ್ಟು’ ಎಂಬ ಪದವನ್ನು ಒಂಟಿಯಾಗಿ ಸೇರಿಸಿಲ್ಲ. ‘ಎಷ್ಟು ಚೆನ್ನಾಗಿದೆ’ ಎಂದು ಮೆಚ್ಚಿ ಬರೆದವರಿಗೆ ದರಪಟ್ಟಿ ಕಳುಹಿಸುವುದು ಒರಟುತನವಾಗುತ್ತದೆ. ‘ಎಷ್ಟು ರೂಪಾಯಿ’, ‘ರೇಟ್ ಎಷ್ಟು’ ಎಂಬ ಜೋಡಿಗಳು ಮಾತ್ರ ಇರಲಿ.

ಊರು, ಲೆಕ್ಕ ತಿಳಿಸಿದವರಿಗೆ: “ಬರೆದುಕೊಂಡಿದ್ದೇವೆ. ಒಟ್ಟು ಮೊತ್ತವನ್ನು ಇಂದು ಸಂಜೆ ತಿಳಿಸುತ್ತೇವೆ. ನೀವು ಒಪ್ಪಿದ ಮೇಲಷ್ಟೇ ಹಣ ಕಳುಹಿಸಿ.” ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಇಂದು ಸಂಜೆ’ ಬದಲು ‘ನಾಳೆಯೊಳಗೆ’ ಎಂದಿರಲಿ.

‘ಬಂದಿಲ್ಲ’, ‘ಸೋರಿದೆ’, ‘ಮುರಿದಿದೆ’ ಎಂಬ ಪದಗಳಿದ್ದರೆ, ಅದೇ ಕಮೆಂಟಿನಲ್ಲಿ ಹಪ್ಪಳವೆಂದಿದ್ದರೂ ದರದ ಉತ್ತರ ಹೋಗದೆ ಇದು ಮಾತ್ರ ಹೋಗಲಿ: “ತೊಂದರೆಯಾದದ್ದಕ್ಕೆ ಕ್ಷಮಿಸಿ. ಆರ್ಡರ್ ಮಾಡಿದ ಫೋನ್ ನಂಬರನ್ನು ಇಲ್ಲಿ ಬರೆಯದೆ ಮೆಸೇಜಿನಲ್ಲಿ ಕಳುಹಿಸಿ. ನಾವೇ ಕರೆ ಮಾಡುತ್ತೇವೆ.”