ನಮ್ಮ ಮನೆ ಸಾಮಾನಿನ ಪಟ್ಟಿ: ಯಾವುದು ಈಗ, ಯಾವುದು ಆಮೇಲೆ

ಭಾನುವಾರ ಹೋಗಿ ಮನೆ ಅಳೆದು ಬಂದೆನಲ್ಲ, ಅದನ್ನೆಲ್ಲ ಇಟ್ಟುಕೊಂಡು ಈ ಪಟ್ಟಿ ಮಾಡಿದ್ದೇನೆ. ನೀನೂ ನಿಧಾನವಾಗಿ ಓದು. ಬೇಡ ಅನಿಸಿದ್ದನ್ನು ಹೊಡೆದುಹಾಕು, ನಾನು ಮರೆತಿದ್ದನ್ನು ಕೆಳಗೆ ಸೇರಿಸು. ಶನಿವಾರ ಸಾಮಾನು ಸಾಗಿಸಬೇಕು, ಅಂದರೆ ನಮಗಿರೋದು ಆರು ದಿನ.

ಪ್ರತಿ ಸಾಮಾನಿಗೂ ಒಂದು ನಂಬರ್ ಕೊಟ್ಟಿದ್ದೇನೆ.

1 – ಕಾಲಿಡುವ ದಿನಕ್ಕೇ ಬೇಕು. ಅದಿಲ್ಲದೆ ಆ ರಾತ್ರಿ ಕಳೆಯೋಕಾಗಲ್ಲ.
2 – ಒಂದು ತಿಂಗಳೊಳಗೆ.
3 – ಮೂರು ತಿಂಗಳು ಇದ್ದು ನೋಡೋಣ. ಆಗಲೂ ಬೇಕು ಅನಿಸಿದರೆ ತರೋಣ.

ನಾನು ಮೊದಲ ಸಲ ಒಬ್ಬಳೇ ಮನೆ ಮಾಡಿದಾಗ ಚಂದದ ಪರದೆ, ಉದ್ದ ಕನ್ನಡಿ ಎಲ್ಲಾ ಇತ್ತು. ರಾತ್ರಿ ಬಚ್ಚಲಿಗೆ ಹೋದರೆ ಬಲ್ಬೇ ಇಲ್ಲ, ಹಿಂದೆ ಇದ್ದವರು ಬಿಚ್ಚಿಕೊಂಡು ಹೋಗಿದ್ದರು. ಮೊಬೈಲ್ ಟಾರ್ಚನ್ನು ಕಿಟಕಿ ಕಟ್ಟೆ ಮೇಲಿಟ್ಟು, ನೀರು ಕುಡಿಯೋ ಲೋಟದಲ್ಲಿ ಮೊಗೆದು ಮೊಗೆದು ಸ್ನಾನ ಮಾಡಿದೆ. ಅದಕ್ಕೇ ಈ ಸಲ ಬಲ್ಬು, ಬಕೆಟ್, ಮಗ್ ಎಲ್ಲಕ್ಕಿಂತ ಮೇಲೆ.

ಅಳತೆ

ಇದನ್ನು ನಿನ್ನ ಮೊಬೈಲಿನಲ್ಲೂ ಬರೆದಿಟ್ಟುಕೋ, ಅಂಗಡಿಗೆ ಹೋದಾಗ ಬೇಕಾಗುತ್ತೆ.

ಮುಂಬಾಗಿಲು 34 ಇಂಚು. ಮಲಗುವ ಕೋಣೆ ಬಾಗಿಲು 30. ಬಚ್ಚಲು 27. ಅಡುಗೆಮನೆಯಲ್ಲಿ ಫ್ರಿಜ್ ಇಡೋ ಜಾಗ 26 ಇಂಚು ಅಗಲ, ಮೇಲಿನ ಅಟ್ಟದವರೆಗೆ 62 ಇಂಚು ಎತ್ತರ. ಮಲಗುವ ಕೋಣೆ 10 ಅಡಿಗೆ 11 ಅಡಿ. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ತಿರುಗೋ ಜಾಗ ಬರೀ 36 ಇಂಚು. ಬಿಚ್ಚಿ ಜೋಡಿಸೋಕೆ ಬರದ ದೊಡ್ಡ ಸಾಮಾನು ಏನೇ ಇದ್ದರೂ ಆ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ ಬಿಚ್ಚೋಕೆ ಬರದ ಮಂಚ, ಬೀರು ಎಷ್ಟೇ ಇಷ್ಟವಾದರೂ ನೋಡೋದೇ ಬೇಡ.

ಅಡುಗೆಮನೆ

ದುಡ್ಡು ಜಾಸ್ತಿ ಪೋಲಾಗೋದು ಇಲ್ಲೇ. ಉಡುಗೊರೆ ಬಾಕ್ಸ್‌ಗಳು ಇನ್ನೂ ಅಮ್ಮನ ಮನೆಯಲ್ಲೇ ಇವೆ. ಅವನ್ನು ಒಂದೊಂದಾಗಿ ತೆರೆದು ನೋಡೋ ತನಕ ಪಾತ್ರೆ, ಲೋಟ, ಡಿನ್ನರ್ ಸೆಟ್ ಯಾವುದನ್ನೂ ಕೊಳ್ಳಬಾರದು. ಮೇಲಿನ ಮೂರು ಬಾಕ್ಸ್ ತೆರೆದೆ, ಎರಡು ಗೋಡೆ ಗಡಿಯಾರ ಸಿಕ್ಕವು.

- ಇಂಡಕ್ಷನ್ ಒಲೆ: 1. ಗ್ಯಾಸ್ ಸಂಪರ್ಕ ಯಾವಾಗ ಬರುತ್ತೋ ಗೊತ್ತಿಲ್ಲ. ನಿನ್ನ ರೂಮಿನಲ್ಲಿರೋದನ್ನೇ ತಾ.
- ಎರಡು ಬರ್ನರಿನ ಗ್ಯಾಸ್ ಒಲೆ: 2. ಮೂರು ಬರ್ನರ್ ಬೇಡ, ಕಟ್ಟೆ ಮೇಲೆ ತರಕಾರಿ ಹೆಚ್ಚೋಕೆ ಜಾಗ ಉಳಿಯಲ್ಲ.
- 3 ಲೀಟರ್ ಕುಕ್ಕರ್: 1. ಇಬ್ಬರಿಗೆ ಸಾಕು. ಮೂರನೇ ಎರಡು ಭಾಗಕ್ಕಿಂತ ಮೇಲೆ ತುಂಬಬಾರದು ಅನ್ನೋದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೇಳ್ತಿದ್ದೇನೆ. ನೆಂಟರು ಬಂದಾಗ ಬೇಕು ಅಂತ 5 ಲೀಟರಿನದು: 3.
- ಮುಚ್ಚಳ ಇರೋ ಪಾತ್ರೆ ಎರಡು, ಬಾಣಲೆ ಒಂದು: 1.
- ಸೌಟು ಎರಡು, ಇಕ್ಕಳ, ಜಾಲರಿ, ಮಸಿಬಟ್ಟೆ ನಾಲ್ಕು: 1. ಇಕ್ಕಳ ಮರೆತರೆ ಮೊದಲ ದಿನವೇ ಕೈ ಸುಟ್ಟುಕೊಳ್ಳೋದು ಗ್ಯಾರಂಟಿ.
- ಚಾಕು: ದೊಡ್ಡದೊಂದು, ಚಿಕ್ಕದೊಂದು: 1. ಎಂಟು ಚಾಕುಗಳ ಸೆಟ್ ನೋಡಿ ಮರುಳಾಗಬೇಡ. ಕೈಗೆ ಬರೋದು ಎರಡೇ. ಹೆಚ್ಚುವ ಮಣೆಯೂ 1.
- ತಟ್ಟೆ, ಲೋಟ, ಬಟ್ಟಲು, ಚಮಚ ಆರಾರು: 1. ಎರಡೆರಡೇ ತಂದರೆ ಯಾರಾದರೂ ಬಂದ ದಿನ ತೊಳೆದು ತೊಳೆದು ಕೊಡಬೇಕು, ಇಪ್ಪತ್ತನಾಲ್ಕು ತಂದರೆ ಇಡೋಕೆ ಜಾಗ ಇಲ್ಲ.
- ಕುಡಿಯೋ ನೀರಿನ ವ್ಯವಸ್ಥೆ: ಮುಚ್ಚಳ, ನಲ್ಲಿ ಇರೋ ಸ್ಟೀಲ್ ಡ್ರಮ್ 1, ಫಿಲ್ಟರ್ 2. ನಲ್ಲಿ ನೀರನ್ನು ಪರೀಕ್ಷೆ ಮಾಡಿಸಿ ಆಮೇಲೆ ಯಾವ ಫಿಲ್ಟರ್ ಅಂತ ತೀರ್ಮಾನ ಮಾಡೋಣ.
- ದಿನಸಿ ಡಬ್ಬ: 2. ಒಂದೇ ಅಳತೆಯವು ಹನ್ನೆರಡು. ಒಂದರ ಮೇಲೊಂದು ಕೂರಬೇಕು, ಒಳಗಿರೋದು ಹೊರಗಿನಿಂದ ಕಾಣಬೇಕು. ಅಲ್ಲೀವರೆಗೆ ಪ್ಯಾಕೆಟ್ ಬಾಯಿಗೆ ಬಟ್ಟೆ ಕ್ಲಿಪ್ ಹಾಕೋಣ.
- ಮಿಕ್ಸಿ: 2. ಅಕ್ಕನ ಹಳೇ ಮಿಕ್ಸಿ ಬರುತ್ತೆ ಅಂತಾಗಿದೆ. ಬಂದರೆ ಇದನ್ನು ಹೊಡೆದುಹಾಕು.
- ಮುಚ್ಚಳದ ಕಸದ ಬುಟ್ಟಿ ಎರಡು, ಹಸಿ ಕಸಕ್ಕೊಂದು, ಒಣ ಕಸಕ್ಕೊಂದು: 1.
- ಪಾತ್ರೆ ತೊಳೆಯೋ ಸೋಪು, ಸ್ಕ್ರಬ್ಬರ್, ತೊಳೆದದ್ದು ಇಡೋ ಬುಟ್ಟಿ: 1.
- ಟೋಸ್ಟರ್, ಓವನ್, ಜ್ಯೂಸರ್: 3. ನನ್ನನ್ನು ಕೇಳಿದರೆ 3 ಕೂಡ ಅಲ್ಲ.

ಹೊಸ ಪಾತ್ರೆ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡು. ಫ್ರಿಜ್ ಬಾಗಿಲಿಗೆ ಅಂಟಿಸ್ತಾರಲ್ಲ, ಆ ಥರದ ಆಯಸ್ಕಾಂತ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗು. ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಇಂಡಕ್ಷನ್ ಒಲೆಗೂ ಆಗುತ್ತೆ. ಬರೀ ಅಲ್ಯೂಮಿನಿಯಂ, ತಾಮ್ರದ್ದಾದರೆ ಆಗಲ್ಲ. ಅಮ್ಮ ಕೊಟ್ಟ ಅಲ್ಯೂಮಿನಿಯಂ ಪಾತ್ರೆಗಳು ಅದಕ್ಕೇ ಗ್ಯಾಸ್ ಬರೋ ತನಕ ಅಟ್ಟದ ಮೇಲೆ ಕೂರಲಿ.

ಫ್ರಿಜ್: 2. ಇಬ್ಬರಿಗೆ 190 ಲೀಟರ್ ಆಸುಪಾಸಿನ ಒಂದು ಬಾಗಿಲಿನದು ಸಾಕು. ಎರಡು ಬಾಗಿಲಿನದು ನಮ್ಮ ಅಟ್ಟಕ್ಕೆ ತಾಗುತ್ತೆ, ವಾದ ಬೇಡ. ಹಿಂದೆ, ಪಕ್ಕದಲ್ಲಿ ಗಾಳಿಯಾಡೋಕೆ ಜಾಗವೂ ಬಿಡಬೇಕಲ್ವಾ. ನಿನ್ನ ಆಫೀಸಿನವರು ಮಾರ್ತೀನಿ ಅಂದಿದ್ದಾರಲ್ಲ, ಆ ಹಳೇದನ್ನು ನೋಡೋಕೆ ಹೋದಾಗ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚು. ಎಳೆದಾಗ ಬಿಗಿಯಾಗಿ ಬರಬೇಕು. ಸುಮ್ನೆ ಜಾರಿಬಂದರೆ ಸುತ್ತಲಿನ ರಬ್ಬರ್ ಹೋಗಿದೆ ಅಂತ ಅರ್ಥ. ನಾಲ್ಕೂ ಕಡೆ ಹಾಗೆ ನೋಡು. ತರುವಾಗ ಮಲಗಿಸಬೇಕಾಗಿ ಬಂದರೆ, ಮನೆಯಲ್ಲಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಸ್ವಿಚ್ ಹಾಕೋದು.

ಬಚ್ಚಲು ಮತ್ತು ಬಟ್ಟೆ ಒಗೆಯೋದು

ಬಕೆಟ್ ಎರಡು, ಮಗ್ ಎರಡು, ಟಾಯ್ಲೆಟ್ ಬ್ರಷ್, ಫಿನಾಯಿಲ್, ನೀರು ತಳ್ಳೋ ವೈಪರ್, ಸೋಪಿನ ತಟ್ಟೆ, ಟವೆಲ್ ತಲೆಗೆರಡು, ಬಾಗಿಲ ಹಿಂದೆ ಹಾಕೋ ಕೊಕ್ಕೆ: ಎಲ್ಲಾ 1. ಬಲ್ಬು ಕೂಡ. 9 ವ್ಯಾಟಿನ ಎಲ್‌ಇಡಿ ಒಂದು ಹಳೇ 60 ವ್ಯಾಟಿನ ಬಲ್ಬಿನಷ್ಟೇ ಬೆಳಕು ಕೊಡುತ್ತೆ. ಇಡೀ ಮನೆಗೆ ಏಳು ಬೇಕು, ಒಂದು ಎಕ್ಸ್‌ಟ್ರಾ ಇರಲಿ ಅಂತ ಎಂಟು ತರೋಣ.

ಗೀಸರ್ ಇದೆ ಅಂದಿದ್ದಾರೆ ಮನೆ ಓನರ್. ನಾನು ನೋಡಿದ್ದು 3 ಲೀಟರಿನದು. ಅದರಲ್ಲಿ ಬಕೆಟ್ ತುಂಬೋಕೆ ತಾಳ್ಮೆ ಬೇಕು. ಸದ್ಯಕ್ಕೆ ಹೊಂದಿಕೊಳ್ಳೋಣ. 15 ಲೀಟರಿನದು ಹಾಕಿಸ್ತೀರಾ ಅಂತ ನೀನೇ ಒಂದು ಮಾತು ಕೇಳು, ನಿನ್ನ ಮಾತಿಗೆ ಅವರು ಬೇಗ ಒಪ್ಪುತ್ತಾರೆ.

ವಾಷಿಂಗ್ ಮೆಷಿನ್: 2, ಆದರೆ ಫ್ರಿಜ್ ಆದಮೇಲೆ. 6ರಿಂದ 7 ಕೆಜಿ. 24 ಇಂಚಿನ ಮೆಷಿನ್ 27 ಇಂಚಿನ ಬಾಗಿಲಲ್ಲಿ ತೂರುತ್ತೆ, ಆದರೆ ಹಿಡಿದವರ ಕೈಬೆರಳು ತೂರಲ್ಲ. ಅದಕ್ಕೆ ಹಿಂದಿನ ಬಾಲ್ಕನಿಯಲ್ಲೇ ಇಡೋಣ. ಅಲ್ಲಿ ನಲ್ಲಿ ಇದೆ, ನೀರು ಹೋಗೋ ತೂತೂ ಇದೆ, ಪ್ಲಗ್ ಪಾಯಿಂಟ್ ಮಾತ್ರ ಇಲ್ಲ. ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಮೆಷಿನ್. ಅಲ್ಲೀವರೆಗೆ ಬಟ್ಟೆ ನೆನೆಸೋ ಟಬ್ಬು, ಬ್ರಷ್ಷು, ಹಗ್ಗ, ಎರಡು ಡಜನ್ ಕ್ಲಿಪ್: 1. ಇಸ್ತ್ರಿ ಪೆಟ್ಟಿಗೆ ನನ್ನದಿದೆ.

ಮಲಗುವ ಕೋಣೆ

ಹಾಸಿಗೆ: 1. ಮಂಚ: 2. ಈ ಅನುಕ್ರಮಕ್ಕೆ ನಿನ್ನ ಅಮ್ಮ ಒಪ್ಪಲ್ಲ ಅಂತ ಗೊತ್ತು. ಆದರೆ ಒಳ್ಳೇ ಹಾಸಿಗೆಯನ್ನು ನೆಲದ ಮೇಲೆ ಹಾಕಿಕೊಂಡು ಒಂದು ತಿಂಗಳು ಮಲಗಬಹುದು. ಕೆಟ್ಟ ಹಾಸಿಗೆಯನ್ನು ಎಷ್ಟು ಚಂದದ ಮಂಚದ ಮೇಲೆ ಹಾಕಿದರೂ ಸೊಂಟ ಬಿಡಲ್ಲ. ಬೆಳಗ್ಗೆ ಎತ್ತಿ ಗೋಡೆಗೆ ಒರಗಿಸಬೇಕು ಅಷ್ಟೇ, ಇಲ್ಲದಿದ್ದರೆ ಅಡಿಯಲ್ಲಿ ತೇವ ಹಿಡಿದು ಬೂಷ್ಟು ಬರುತ್ತೆ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಸಾಲದು. ಇಬ್ಬರೂ ಚಪ್ಪಲಿ ಬಿಟ್ಟು ಹತ್ತು ನಿಮಿಷ ಮಲಗೋಣ, ನಾಚಿಕೆ ಬೇಡ. ಮಗ್ಗುಲು ತಿರುಗಿದಾಗ ಪಕ್ಕದವರು ಅಲುಗಾಡ್ತಾರಾ ನೋಡಬೇಕು. ಬೇರೆಯವರು ಬಳಸಿದ ಹಾಸಿಗೆ ಬೇಡವೇ ಬೇಡ. ತಿಗಣೆ ಒಂದು ಸಲ ಬಂದರೆ ಮುಗೀತು.

ಅಳತೆ 5 ಅಡಿಗೆ 6 ಅಡಿ 6 ಇಂಚು. ನೀನು 6 ಅಡಿ ಅಗಲದ್ದು ಅಂದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದೆ. ಬೀರು 2 ಅಡಿ, ಮಂಚ 5 ಅಡಿ, ಮಧ್ಯೆ ಓಡಾಡೋಕೆ 3 ಅಡಿ. ನಿನ್ನ ಲೆಕ್ಕದಲ್ಲಿ ಹೋದರೆ 2 ಅಡಿ ಉಳಿಯುತ್ತೆ. ಆಗ ಬೀರು ಬಾಗಿಲು ತೆಗೆದರೆ ನಾನು ಮಂಚದ ಮೇಲೆ ಕಾಲೆತ್ತಿ ಕೂರಬೇಕು. ಎರಡು ಲೆಕ್ಕದಲ್ಲೂ ಒಬ್ಬರು ಗೋಡೆ ಪಕ್ಕವೇ ಮಲಗಬೇಕು. ಅದು ಯಾರು ಅನ್ನೋದನ್ನು ಆಮೇಲೆ ಜಗಳ ಆಡೋಣ.

ದಿಂಬು ಎರಡು, ಬೆಡ್‌ಶೀಟ್ ಎರಡು ಜೊತೆ, ಹೊದಿಕೆ ಎರಡು, ಸೊಳ್ಳೆ ಪರದೆ: 1. ಹೊದಿಕೆ ಬೇರೆ ಬೇರೆ ಇರಲಿ, ನೀನು ಎಳೆದುಕೊಳ್ತೀಯ. ಕಿಟಕಿ ಪರದೆಯೂ ಈ ಕೋಣೆಗೆ ಮಾತ್ರ 1, ಎದುರು ಮನೆ ಬಾಲ್ಕನಿ ತೀರಾ ಹತ್ತಿರ. ಕಿಟಕಿ 4 ಅಡಿ ಅಗಲ. ನೆರಿಗೆ ಬೀಳೋಕೆ ಬಟ್ಟೆ 7–8 ಅಡಿ ಬೇಕು.

ಬೀರು: 2. ಅದು ಬರೋವರೆಗೆ ಸೂಟ್‌ಕೇಸುಗಳೇ ಗತಿ. ಕಾಗದಪತ್ರ, ಒಡವೆ ಏನಿದೆಯೋ ಅದು ಬೀರು ಬರೋ ತನಕ ಅಪ್ಪನ ಮನೆಯಲ್ಲೇ ಇರಲಿ. ಡ್ರೆಸಿಂಗ್ ಟೇಬಲ್: 3. ಕನ್ನಡಿ ನನ್ನದಿದೆ.

ಹಾಲ್

ಇಲ್ಲಿ ಬರೆಯೋದು ಕಮ್ಮಿ, ಕೊಳ್ಳೋದೂ ಕಮ್ಮಿ. ಚಾಪೆ ಒಂದು, ಮಡಚೋ ಕುರ್ಚಿ ನಾಲ್ಕು, ಕಾಲೊರೆಸು: 1. ಊಟಕ್ಕೂ ನಿನ್ನ ಲ್ಯಾಪ್‌ಟಾಪಿಗೂ ಆಗೋ ಮೇಜು: 2. ಸೋಫಾ, ಟಿವಿ: 3. ಯಾವ ಗೋಡೆಗೆ ಬಿಸಿಲು ಬೀಳುತ್ತೆ, ನಾವು ನಿಜವಾಗಿ ಎಲ್ಲಿ ಕೂರ್ತೀವಿ ಅಂತ ಗೊತ್ತಾಗೋಕೆ ಸ್ವಲ್ಪ ದಿನ ಬೇಕು. ಗಡಿಯಾರ ಬೇಕಾದಷ್ಟಿವೆ.

ಇಡೀ ಮನೆಗೆ

ಪೊರಕೆ, ಮೊರ, ನೆಲ ಒರೆಸೋ ಕೋಲು, ಹಳೇ ಬಟ್ಟೆ, ಬೀಗ (ಹಿಂದಿನವರ ಹತ್ತಿರ ಇನ್ನೊಂದು ಕೀ ಇರಬಹುದು, ಮುಂಬಾಗಿಲಿನದು ಬದಲಾಯಿಸಲೇಬೇಕು), ಎಕ್ಸ್‌ಟೆನ್ಶನ್ ಬೋರ್ಡ್ ಎರಡು, ಟಾರ್ಚು, ಸ್ಕ್ರೂಡ್ರೈವರ್, ಸುತ್ತಿಗೆ, ಮೊಳೆ, ಟೇಪು, ಔಷಧಿ ಡಬ್ಬ: ಎಲ್ಲಾ 1. ಫ್ರಿಜ್ಜು, ಗೀಸರು, ಒಲೆ ಇವನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬಾರದು, ನೇರ ಗೋಡೆಯ ಪಾಯಿಂಟಿಗೇ.

ದುಡ್ಡು

ದೊಡ್ಡ ಸಾಮಾನು ಬರೋ ಸಾಲು ಹೀಗೆ: ಹಾಸಿಗೆ, ಫ್ರಿಜ್, ವಾಷಿಂಗ್ ಮೆಷಿನ್, ಬೀರು, ಮಂಚ. ಇಬ್ಬರೂ ಸೇರಿ ಕೂಡಿಟ್ಟಿದ್ದರಲ್ಲಿ ಕಾಲು ಭಾಗ ಮುಟ್ಟೋದು ಬೇಡ. ಮೊದಲ ತಿಂಗಳು ಪ್ಲಂಬರ್, ಎಲೆಕ್ಟ್ರಿಷಿಯನ್ ಅಂತ ಲೆಕ್ಕಕ್ಕೆ ಸಿಗದ ಖರ್ಚು ಬರುತ್ತೆ. ಕಂತಿನಲ್ಲಿ ತಗೊಂಡರೆ ಒಂದು ಸಲಕ್ಕೆ ಒಂದೇ. ಅದು ತೀರಿದ ಮೇಲೆ ಇನ್ನೊಂದು. ಬಿಲ್ಲು, ವಾರಂಟಿ ಕಾರ್ಡು ಬಂದ ದಿನವೇ ಫೋಟೋ ತೆಗೆದಿಡು. ಬಿಲ್ಲಿನ ಮಸಿ ವರ್ಷದೊಳಗೆ ಅಳಿಸಿಹೋಗಬಹುದು.

ಶನಿವಾರ

ನೀನು: ಇಂಡಕ್ಷನ್ ಒಲೆ, ಕುಕ್ಕರ್, ಮಡಚೋ ಕುರ್ಚಿ, ಬೀಗ, ಸುತ್ತಿಗೆ, ಬಲ್ಬು.
ನಾನು: ಬಕೆಟ್, ಮಗ್, ಪೊರಕೆ, ಬೆಡ್‌ಶೀಟ್, ಟವೆಲ್, ತಟ್ಟೆ ಲೋಟ, ಇಕ್ಕಳ.
ಹಾಸಿಗೆಯವರು ಹನ್ನೊಂದು ಗಂಟೆಗೆ ಬರ್ತಾರೆ. ಅಷ್ಟೊತ್ತಿಗೆ ಮಲಗುವ ಕೋಣೆ ಗುಡಿಸಿ ಒರೆಸಿ ಆಗಿರಬೇಕು, ಹಾಗಾಗಿ ಒಂಬತ್ತಕ್ಕೇ ಬಾ. ಬಲ್ಬುಗಳನ್ನು ಬ್ಯಾಗಿನ ಮೇಲ್ಗಡೆ ಇಟ್ಟುಕೋ, ಕುಕ್ಕರಿನ ಅಡಿಯಲ್ಲಲ್ಲ.