ವಿಜಯಪುರ ಬಡಾವಣೆಯ ಮನೆಯ ಸಾಮಾನು ಪಟ್ಟಿ, ಒಡೆದರೆ ಕೆಟ್ಟರೆ ಖರ್ಚು ಯಾರದು ಎಂಬ ಬಗ್ಗೆ

ಚಿಕ್ಕಮಗಳೂರು
4 ಜೂನ್ 2025

ಮಾನ್ಯ ಶಂಕರಪ್ಪನವರಿಗೆ,

ಅನಿತಾಳ ನಮಸ್ಕಾರಗಳು.

ಭಾನುವಾರ ತಾವು ಬೀಗದ ಕೈ ಕೊಡಲು ಬಂದಾಗ ಮನೆಯನ್ನೆಲ್ಲ ಜೊತೆಯಾಗಿ ನೋಡಿದೆವು. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಮನೆ ಸಾಮಾನು ಸಹಿತ ಎಂದಷ್ಟೇ ಇದೆ, ಏನೇನು ಎಂಬ ವಿವರ ಇಲ್ಲ. ತಮ್ಮ ಮೇಲೆ ಅಪನಂಬಿಕೆಯಿಂದ ಇದನ್ನು ಬರೆಯುತ್ತಿಲ್ಲ. ಮನೆ ಬಿಡುವ ದಿನ ಯಾರ ನೆನಪು ಸರಿ ಎಂಬ ಮಾತು ಬಾರದಿರಲಿ ಎಂದು ಬರೆಯುತ್ತಿದ್ದೇನೆ. ಓದಿ, ತಪ್ಪಿದ್ದರೆ ತಿದ್ದಿ, ಒಪ್ಪಿಗೆಯಾದರೆ ಕೆಳಗೆ ಸಹಿ ಹಾಕಿ ಒಂದು ಪ್ರತಿ ಕಳುಹಿಸಿಕೊಡಿ. ಪ್ರತಿ ವಸ್ತುವಿನ ಫೋಟೊವನ್ನು ಅಂದೇ ತಮ್ಮ ವಾಟ್ಸ್‌ಆ್ಯಪ್‌ಗೆ ಕಳುಹಿಸಿದ್ದೇನೆ.

ಹಾಲ್‌ನಲ್ಲಿ ಮೂವರು ಕೂರುವ ಸೋಫಾ, ಎರಡು ಒಂಟಿ ಸೋಫಾ, ಒಂದು ಟೀಪಾಯಿ, ಗೋಡೆಗೆ ಹಾಕಿದ 43 ಇಂಚಿನ ಟಿ.ವಿ. ಮತ್ತು ಅದರ ರಿಮೋಟ್ ಇವೆ. ದೊಡ್ಡ ಸೋಫಾದ ಎಡಗೈ ಹೊಲಿಗೆ ಬಿಟ್ಟಿದೆ. ತೇಗದ ಊಟದ ಮೇಜಿಗೆ ಆರು ಕುರ್ಚಿ. ಮೇಜಿನ ಮೇಲೆ ಕಿಟಕಿ ಕಡೆಯ ಮೂಲೆಯಲ್ಲಿ ಬಿಸಿ ಪಾತ್ರೆ ಇಟ್ಟು ಆದ ಅಂಗೈ ಅಗಲದ ಬಿಳಿ ಗುರುತಿದೆ. ಪಾಲಿಶ್ ಹೋದದ್ದು ಬೆಳಕಿಗೆ ಓರೆಯಾಗಿ ನಿಂತು ನೋಡಿದರೆ ಮಾತ್ರ ಕಾಣುತ್ತದೆ, ಆದ್ದರಿಂದಲೇ ಇಷ್ಟು ವಿವರವಾಗಿ ಬರೆದೆ. ಒಂದು ಕುರ್ಚಿಯ ಹಿಂಗಾಲು ಅಲ್ಲಾಡುತ್ತದೆ. ಅದನ್ನು ಬದಿಗಿಟ್ಟಿದ್ದೇವೆ, ಯಾರನ್ನೂ ಕೂರಿಸುತ್ತಿಲ್ಲ.

ಅಡುಗೆ ಮನೆಯಲ್ಲಿ 2021ರಲ್ಲಿ ಕೊಂಡ ಫ್ರಿಜ್ ಮತ್ತು ಅದರ ಸ್ಟೆಬಿಲೈಸರ್, ಎರಡು ಒಲೆಯ ಗ್ಯಾಸ್ ಸ್ಟವ್, ನೀರು ಶುದ್ಧೀಕರಿಸುವ ಯಂತ್ರ, ಮೂರು ಜಾರ್‌ಗಳ ಮಿಕ್ಸಿ ಇವೆ. ಚಟ್ನಿ ಜಾರ್‌ನ ಮುಚ್ಚಳಕ್ಕೆ ರಬ್ಬರ್ ಇಲ್ಲ. ಸಿಲಿಂಡರ್ ಎರಡು, ಒಂದು ತುಂಬಿದ್ದು, ಒಂದು ಬಳಕೆಯಲ್ಲಿರುವುದು. ಗ್ಯಾಸ್ ಸಂಪರ್ಕ ತಮ್ಮ ಹೆಸರಿನಲ್ಲಿದೆ, ಪುಸ್ತಕ ನಮ್ಮ ಹತ್ತಿರ ಇದೆ.

ದೊಡ್ಡ ಮಲಗುವ ಕೋಣೆಯಲ್ಲಿ ಬೀಟೆ ಮರದ ಜೋಡಿ ಮಂಚ, ಕನ್ನಡಿ ಇರುವ ಕಬ್ಬಿಣದ ಬೀರು, ಗೋಡೆಗೆ ಕೂಡಿಸಿದ ಮರದ ವಾರ್ಡ್‌ರೋಬ್. ಬೀರುವಿನ ಕನ್ನಡಿಯ ಕೆಳಮೂಲೆಯಲ್ಲಿ ಬೆರಳುದ್ದದ ಬಿರುಕು ಇದೆ. ವಾರ್ಡ್‌ರೋಬ್‌ನ ಹಿಂಬದಿಯ ಪ್ಲೈವುಡ್ ಉಬ್ಬಿದೆ, ಮುಟ್ಟಿದರೆ ಪದರ ಏಳುತ್ತದೆ. ಪಶ್ಚಿಮದ ಗೋಡೆಗೆ ಮಳೆಯ ಹೊಡೆತ ನೇರವಾಗಿ ಬೀಳುವುದರಿಂದ ಹೋದ ವರ್ಷ ಹಾಗಾಯಿತೆಂದು ತಾವೇ ಹೇಳಿದಿರಿ. ಚಿಕ್ಕ ಕೋಣೆಯಲ್ಲಿ ಎರಡು ಒಂಟಿ ಮಂಚ, ಒಂದು ಓದುವ ಮೇಜು. ಹಾಸಿಗೆ, ದಿಂಬು, ಪರದೆ ಎಲ್ಲವೂ ನಮ್ಮವು, ಹೋಗುವಾಗ ತೆಗೆದುಕೊಂಡು ಹೋಗುತ್ತೇವೆ.

ಉಳಿದಂತೆ ನಾಲ್ಕು ಫ್ಯಾನ್, 15 ಲೀಟರ್ ಗೀಸರ್, ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್, ಇನ್ವರ್ಟರ್ ಮತ್ತು ಬ್ಯಾಟರಿ. ಮೆಷಿನ್ ಬಟ್ಟೆ ಹಿಂಡುವಾಗ ಲೋಹ ಉಜ್ಜಿದ ಸದ್ದು ಬರುತ್ತದೆ, ಮೊದಲ ದಿನವೇ ಬಂತು. ದಯವಿಟ್ಟು ಮಳೆ ಜೋರಾಗುವ ಮೊದಲು ಮೆಕ್ಯಾನಿಕ್ ಕಳುಹಿಸಿ.

ಇನ್ನು ಖರ್ಚಿನ ವಿಚಾರ. ಹಳೆಯದಾಗಿ ಕೆಟ್ಟರೆ ತಮ್ಮದು, ನಮ್ಮ ಕೈಯಿಂದ ಹಾಳಾದರೆ ನಮ್ಮದು ಎಂದು ತಾವು ಬಾಯಲ್ಲಿ ಹೇಳಿದ್ದು ನ್ಯಾಯವಾದದ್ದೇ. ವಸ್ತು ಕೈಯಲ್ಲಿದ್ದಾಗ ಇವೆರಡರ ನಡುವೆ ಗೆರೆ ಎಳೆಯುವುದು ಕಷ್ಟ, ಹಾಗಾಗಿ ಹೀಗೆ ಬರೆದಿದ್ದೇನೆ.

ಫ್ರಿಜ್‌ನ ಕಂಪ್ರೆಸರ್, ಗೀಸರ್‌ನ ಕಾಯಿಲ್, ಮೆಷಿನ್‌ನ ಮೋಟಾರ್, ಬ್ಯಾಟರಿ, ಟಿ.ವಿ.ಯ ಪರದೆ ತಾವಾಗಿ ಕೆಟ್ಟರೆ ರಿಪೇರಿಯಾಗಲಿ, ಬದಲಿಯಾಗಲಿ ಮಾಲೀಕರ ಖರ್ಚು. ಬಲ್ಬು, ನಲ್ಲಿಯ ವಾಷರ್, ಮಿಕ್ಸಿಯ ರಬ್ಬರ್‌ನಂಥ 500 ರೂಪಾಯಿಯೊಳಗಿನ ಕೆಲಸ ನಮ್ಮದು. ನೀರಿನ ಯಂತ್ರದ ಫಿಲ್ಟರ್ ಬಳಕೆಯಿಂದ ಸವೆಯುವುದರಿಂದ ಅದೂ ನಮ್ಮದೇ. ನಮ್ಮ ಮಗ, ಮನೆಗೆ ಬರುವ ನೆಂಟರು, ಕೆಲಸದವರು, ಯಾರ ಕೈಯಿಂದ ಒಡೆದರೂ ನಾವೇ ಹೊಣೆ.

ಒಡೆದದ್ದನ್ನು ಮೊದಲು ರಿಪೇರಿ ಮಾಡಿಸುತ್ತೇವೆ. ರಿಪೇರಿಯಾಗದಿದ್ದರೆ ಹೊಸದರ ಬೆಲೆಯನ್ನು ಕೇಳಬಾರದು, ಆ ವಸ್ತುವಿನ ಇಂದಿನ ಬೆಲೆಯನ್ನು ಕೊಡುತ್ತೇವೆ. ಕೊಂಡ ಬೆಲೆಯಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಂತೆ ಕಳೆಯೋಣ. ಫ್ರಿಜ್‌ನ ಬಿಲ್ಲು 24,000 ರೂಪಾಯಿ. ನಾಲ್ಕು ವರ್ಷ ಆಗಿದೆ, ಹಾಗಾಗಿ ಈಗ ಅದು ನಮ್ಮ ತಪ್ಪಿನಿಂದ ಪೂರ್ತಿ ಹಾಳಾದರೆ ನಾವು ಕೊಡಬೇಕಾದದ್ದು 14,400. ನಾಲ್ಕು ವರ್ಷ ತಣ್ಣಗಿಟ್ಟ ಫ್ರಿಜ್‌ಗೆ ಅಂಗಡಿಯ ಹೊಸ ಫ್ರಿಜ್‌ನ ಹಣ ಕೊಡಿಸಿಕೊಳ್ಳುವುದು ಸರಿಯಲ್ಲ ಎಂಬುದನ್ನು ತಾವೂ ಒಪ್ಪುವಿರಿ.

ಸಿಡಿಲು ಮತ್ತು ವೋಲ್ಟೇಜ್ ಏರುಪೇರಿನ ಬಗ್ಗೆ ಪ್ರತ್ಯೇಕವಾಗಿ ಬರೆಯಲೇಬೇಕು, ನಮ್ಮ ಊರಿನಲ್ಲಿ ಜಗಳ ಹುಟ್ಟುವುದೇ ಅಲ್ಲಿ. ಫ್ರಿಜ್ ಸ್ಟೆಬಿಲೈಸರ್‌ನಲ್ಲೇ ಇದ್ದೂ ಸುಟ್ಟರೆ ತಮ್ಮ ಖರ್ಚು, ಸ್ಟೆಬಿಲೈಸರ್ ಬಿಟ್ಟು ನೇರ ಪ್ಲಗ್‌ಗೆ ಹಾಕಿದ್ದರೆ ನಮ್ಮದು. ಟಿ.ವಿ.ಗೆ ಸ್ಟೆಬಿಲೈಸರ್ ಇಲ್ಲ. ಗುಡುಗು ಕೇಳಿದಾಗ ಅದರ ಪ್ಲಗ್ ತೆಗೆಯುತ್ತೇವೆ, ಆದರೆ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಸಿಡಿಲಿಗೆ ಸುಟ್ಟರೆ ಅದನ್ನು ನಮ್ಮ ನಿರ್ಲಕ್ಷ್ಯ ಎನ್ನಬಾರದು. ಗೋಡೆಯ ತೇವದಿಂದ ಪ್ಲೈವುಡ್ ಇನ್ನಷ್ಟು ಉಬ್ಬಿದರೆ, ಬೂಷ್ಟು ಹಿಡಿದರೆ ನಮ್ಮ ಮೇಲೆ ಬರುವುದಿಲ್ಲ. ಬಿಸಿಲು ಬಂದ ದಿನ ಬಾಗಿಲು ತೆರೆದು ಒಣಗಿಸುವ ಕೆಲಸ ನಮ್ಮದು, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿಯೂ ಇದ್ದೇವೆ.

ಏನಾದರೂ ಕೆಟ್ಟರೆ ಎರಡು ದಿನದೊಳಗೆ ಫೋಟೊ ಸಹಿತ ತಿಳಿಸುತ್ತೇವೆ. ತಾವು ಒಂದು ವಾರದಲ್ಲಿ, ಫ್ರಿಜ್ ಮತ್ತು ಗೀಸರ್ ಆದರೆ ಮೂರು ದಿನದಲ್ಲಿ, ಯಾರನ್ನಾದರೂ ಕಳುಹಿಸಬೇಕು. ಆಗದಿದ್ದರೆ 2,000 ರೂಪಾಯಿವರೆಗೆ ನಾವೇ ಮಾಡಿಸಿ, ಬಿಲ್ಲು ಕೊಟ್ಟು, ಮುಂದಿನ ಬಾಡಿಗೆಯಲ್ಲಿ ಕಳೆದುಕೊಳ್ಳುತ್ತೇವೆ. ಮನೆ ಬಿಡುವಾಗ ಈ ಪಟ್ಟಿ ಹಿಡಿದು ಇಬ್ಬರೂ ಕೂಡಿ ನೋಡೋಣ. 90,000 ರೂಪಾಯಿ ಮುಂಗಡದಲ್ಲಿ ಬಿಲ್ಲು ಇಲ್ಲದೆ ಏನನ್ನೂ ಹಿಡಿಯಬಾರದು. ಉಳಿದದ್ದನ್ನು ಬೀಗದ ಕೈ ಒಪ್ಪಿಸಿದ ದಿನವೇ ಹಿಂತಿರುಗಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಅನಿತಾ (ಸಹಿ)
ಬಾಡಿಗೆದಾರರು

ಮಾಲೀಕರ ಒಪ್ಪಿಗೆ

ಅನಿತಾ ಅವರೇ, ಪತ್ರ ಓದಿದೆ. ಪಟ್ಟಿ ಸರಿಯಾಗಿದೆ. ಚಿಕ್ಕ ಕೋಣೆಯ ಫ್ಯಾನ್‌ನ ರೆಗ್ಯುಲೇಟರ್ ಒಂದೇ ವೇಗದಲ್ಲಿ ನಿಂತಿದೆ, ಅದು ನಿಮಗಿಂತ ಮೊದಲಿನದು, ಸೇರಿಸಿಕೊಳ್ಳಿ. ಶನಿವಾರ ಮೆಕ್ಯಾನಿಕ್ ಬಂದು ವಾಷಿಂಗ್ ಮೆಷಿನ್ ನೋಡುತ್ತಾನೆ, ಕುರ್ಚಿಯನ್ನು ಬಡಗಿ ಒಯ್ಯುತ್ತಾನೆ.

ಎರಡು ಬದಲಾವಣೆ ಕೇಳುತ್ತೇನೆ. ಬೀಟೆ ಮಂಚಕ್ಕೆ ವರ್ಷಕ್ಕೆ ಹತ್ತು ಕಳೆಯುವ ಲೆಕ್ಕ ಬೇಡ. ಅದು ನಮ್ಮ ತಂದೆ ಮಾಡಿಸಿದ್ದು, ಅಂಥ ಮರ ಈಗ ಸಿಗುವುದಿಲ್ಲ. ಅದಕ್ಕೆ ಏನಾದರೂ ಆದರೆ ನೀವು ಕೈ ಹಾಕದೆ ನನಗೆ ಫೋನ್ ಮಾಡಿ. ನಮ್ಮ ಬಡಗಿಯೇ ಸರಿಮಾಡಲಿ, ನಿಮ್ಮ ಕೈಯಿಂದ ಆದದ್ದಾದರೆ ಅವನ ಕೂಲಿ ಮಾತ್ರ ನಿಮ್ಮದು. ಎರಡನೆಯದು, ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನು ಎರಡು ತಿಂಗಳಿಗೊಮ್ಮೆ ನೋಡಿ ಹಾಕಬೇಕು. ನೀರು ಒಣಗಿ ಕೆಟ್ಟರೆ ನಿಮ್ಮ ಲೆಕ್ಕ. ಟಿ.ವಿ.ಗೂ ಒಂದು ಸ್ಟೆಬಿಲೈಸರ್ ನಾನೇ ತರುತ್ತೇನೆ.

ಮಿಕ್ಕಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಕರಾರಿನ ಜೊತೆ ಇದನ್ನೂ ಇಟ್ಟುಕೊಳ್ಳೋಣ.

ಶಂಕರಪ್ಪ (ಸಹಿ)
ಮನೆ ಮಾಲೀಕರು
6 ಜೂನ್ 2025

ಮೇಲಿನ ಎರಡೂ ಬದಲಾವಣೆಗಳಿಗೆ ಒಪ್ಪಿದ್ದೇನೆ.
ಅನಿತಾ (ಸಹಿ)
7 ಜೂನ್ 2025